ನಾಲ್ಕು ಅಡಿ ಮೀನಿನ ಟ್ಯಾಂಕ್: ಗಾಜೋ, ಅಕ್ರಿಲಿಕ್ಕೋ?

ಪ್ರಶ್ನೆ: ಸರ್, ನಮ್ಮದು ಬೆಂಗಳೂರಿನಲ್ಲಿ ಎರಡನೇ ಮಹಡಿ ಮನೆ, ಲಿಫ್ಟ್ ಇಲ್ಲ. ಹಾಲ್‌ನಲ್ಲಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಇಡಬೇಕು ಅಂತ ಆಸೆ. ಗೋಲ್ಡ್‌ಫಿಶ್ ಸಾಕುತ್ತೇವೆ. ಒಂದು ಅಂಗಡಿಯವರು 10 ಎಂಎಂ ಗಾಜು ಸಾಕು ಅಂದರು. ಇನ್ನೊಬ್ಬರು 10 ಎಂಎಂ ಅಕ್ರಿಲಿಕ್ ತಗೊಳ್ಳಿ, ಹಗುರ, ಒಡೆಯಲ್ಲ, ಗಾಜಿಗಿಂತ ಕ್ಲಿಯರ್ ಅಂತಾರೆ. ಮನೆಯಲ್ಲಿ ಐದು ವರ್ಷದ ಮಗ ಇದ್ದಾನೆ. ಬೋರ್‌ವೆಲ್ ನೀರು. ಯಾವುದು ಒಳ್ಳೆಯದು?

ಉತ್ತರ: ನಿಮ್ಮ ಮನೆಗೆ ಗಾಜೇ ಸರಿ. ಆದರೆ ಅಂಗಡಿಯವರು ಹೇಳಿದ 10 ಎಂಎಂನಲ್ಲಿ ಈ 2 ಅಡಿ ಎತ್ತರದ ಟ್ಯಾಂಕ್ ಬೇಡ. ಎತ್ತರವನ್ನು ಒಂದೂವರೆ ಅಡಿಗೆ ಇಳಿಸಿದರೆ 10 ಎಂಎಂ ಗಾಜು ಚೆನ್ನಾಗಿ ಸಾಕಾಗುತ್ತದೆ. 2 ಅಡಿಯೇ ಬೇಕು ಅಂದರೆ 12 ಎಂಎಂ ಕೇಳಿ. 10 ಎಂಎಂ ಅಕ್ರಿಲಿಕ್ ಮಾತ್ರ ಈ ಅಳತೆಗೆ ಯಾವ ಕಾರಣಕ್ಕೂ ಬೇಡ. ಯಾಕೆ ಅಂತ ಹೇಳುತ್ತೇನೆ.

ಮೊದಲು ಎತ್ತರದ ವಿಷಯ, ಯಾಕೆಂದರೆ ಎಲ್ಲ ನಿಂತಿರುವುದು ಅದರ ಮೇಲೆ. ಟ್ಯಾಂಕಿನ ಗೋಡೆಯ ಮೇಲೆ ಬೀಳುವ ಒತ್ತಡಕ್ಕೂ ಒಳಗೆ ಎಷ್ಟು ಲೀಟರ್ ನೀರಿದೆ ಅನ್ನುವುದಕ್ಕೂ ಸಂಬಂಧ ಇಲ್ಲ. ನೀರು ಎಷ್ಟು ಆಳ ಇದೆ ಅನ್ನುವುದೊಂದೇ ಲೆಕ್ಕ. ಮೇಲೆ ಒತ್ತಡ ಸೊನ್ನೆ, ಕೆಳಗೆ ಹೋದ ಹಾಗೆ ಸಮನಾಗಿ ಏರುತ್ತಾ ಹೋಗುತ್ತದೆ. ಆಳ ಜಾಸ್ತಿಯಾದಾಗ ಎರಡು ವಿಷಯ ಒಟ್ಟಿಗೆ ನಡೆಯುತ್ತವೆ: ತಳದ ಒತ್ತಡ ಹೆಚ್ಚುತ್ತದೆ, ಆ ಒತ್ತಡ ಬೀಳುವ ಗೋಡೆಯೂ ದೊಡ್ಡದಾಗುತ್ತದೆ. ಹಾಗಾಗಿ ಗೋಡೆಯನ್ನು ಹೊರಗೆ ತಳ್ಳುವ ಒಟ್ಟು ಬಲ ಆಳದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಆಳ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು.

ನಿಮ್ಮ ಟ್ಯಾಂಕಿನಲ್ಲೇ ನೋಡೋಣ. ಉದ್ದ 120 ಸೆಂಟಿಮೀಟರ್. ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿ ಮೇಲೆ ಸ್ವಲ್ಪ ಬಿಟ್ಟು 42 ಸೆಂಟಿಮೀಟರ್ ನೀರು ನಿಲ್ಲಿಸಿದರೆ ಮುಂದಿನ ಗಾಜಿನ ಮೇಲೆ ಒಟ್ಟು ಸುಮಾರು 106 ಕೆಜಿ ತೂಕದಷ್ಟು ಬಲ ಬೀಳುತ್ತದೆ. ಅದೇ 2 ಅಡಿ ಎತ್ತರದ್ದರಲ್ಲಿ 57 ಸೆಂಟಿಮೀಟರ್ ನೀರು ನಿಂತರೆ ಸುಮಾರು 195 ಕೆಜಿ. ಅರ್ಧ ಅಡಿ ಎತ್ತರಿಸಿದ್ದಕ್ಕೆ ಬಲ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಅಗಲವನ್ನು ಒಂದೂವರೆ ಅಡಿ ಇಡಿ, ಮೂರು ಅಡಿ ಇಡಿ, ಮುಂದಿನ ಗಾಜಿಗೆ ಇದರಲ್ಲಿ ಏನೂ ವ್ಯತ್ಯಾಸ ಆಗುವುದಿಲ್ಲ. ಅದಕ್ಕೇ ಟ್ಯಾಂಕ್ ಕಟ್ಟುವವರು ಮೊದಲು ಎತ್ತರ ಕೇಳಬೇಕು, ಆಮೇಲೆ ಉದ್ದ. ಅಂಗಡಿಗೆ ಹೋದಾಗ ನೀವು "ನಾಲ್ಕು ಅಡಿ ಟ್ಯಾಂಕ್" ಅಂದ ತಕ್ಷಣ ಎತ್ತರ ಕೇಳದೇ ದಪ್ಪ ಹೇಳಿಬಿಟ್ಟರೆ ಅಲ್ಲಿಂದ ಎದ್ದು ಬನ್ನಿ.

ಮಾಮೂಲಿ ಗಾಜಿಗೆ, ಅದು ಮುರಿಯುವ ಮಟ್ಟಕ್ಕಿಂತ 3.8 ಪಟ್ಟು ಕಡಿಮೆ ಒತ್ತಡ ಬೀಳುವ ಹಾಗೆ ದಪ್ಪ ಆರಿಸುವುದು ಮೀನಿನ ಟ್ಯಾಂಕಿನ ಲೆಕ್ಕದಲ್ಲಿ ವಾಡಿಕೆ. ಟ್ಯಾಂಕಿನ ಮೇಲಂಚಿಗೆ ಗಾಜು ಬಾಗದಂತೆ ಹಿಡಿಯುವ ಯಾವ ಪಟ್ಟಿಯೂ ಅಂಟಿಸಿಲ್ಲ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ, 4 ಅಡಿ ಉದ್ದದಲ್ಲಿ ಒಂದೂವರೆ ಅಡಿ ಎತ್ತರಕ್ಕೆ 8 ಎಂಎಂ ಬರುತ್ತದೆ, 2 ಅಡಿಗೆ 12 ಎಂಎಂ ಬರುತ್ತದೆ. ನಿಮಗೆ ಹೇಳಿದ 10 ಎಂಎಂ ಗಾಜಿನಲ್ಲಿ 2 ಅಡಿ ಕಟ್ಟಿದರೆ ಆ 3.8 ಅನ್ನುವುದು 2.8ಕ್ಕೆ ಇಳಿಯುತ್ತದೆ. ನಾಳೆಯೇ ಒಡೆಯುತ್ತದೆ ಅಂತಲ್ಲ. ಎಷ್ಟೋ ಮನೆಗಳಲ್ಲಿ ಅಂಥವು ವರ್ಷಗಟ್ಟಲೆ ನಿಂತಿವೆ. ಆದರೆ ಗಾಜಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಒಂದು ಚಕ್ಕೆ ಎದ್ದಿದ್ದರೆ, ಸ್ಟ್ಯಾಂಡ್ ಒಂದು ಮೂಲೆಯಲ್ಲಿ ತಗ್ಗಾಗಿದ್ದರೆ, ಅದನ್ನು ತಡೆದುಕೊಳ್ಳಲು ಇರುವುದೇ ಆ ಹೆಚ್ಚಿನ ಅವಕಾಶ. ಐದು ವರ್ಷದ ಮಗು ಓಡಾಡುವ ಹಾಲ್‌ನಲ್ಲಿ ಅದನ್ನು ಕಳೆದುಕೊಳ್ಳಬೇಡಿ.

ಈಗ ಅಕ್ರಿಲಿಕ್‌ಗೆ ಬರೋಣ. ಅದು ಗಟ್ಟಿ ಅನ್ನುವುದು ಸುಳ್ಳಲ್ಲ. ಏಟು ತಿಂದರೆ ಗಾಜಿನ ಹಾಗೆ ಚೂರಾಗುವುದಿಲ್ಲ. ಆದರೆ ಏಟು ತಡೆಯುವುದು ಬೇರೆ, ಬಾಗದೇ ನಿಲ್ಲುವುದು ಬೇರೆ. ಬಾಗುವುದರಲ್ಲಿ ಗಾಜು ಅಕ್ರಿಲಿಕ್‌ಗಿಂತ 20 ಪಟ್ಟಿಗೂ ಜಾಸ್ತಿ ಬಿಗಿ. 12 ಎಂಎಂ ಗಾಜಿನ ನಿಮ್ಮ 2 ಅಡಿ ಟ್ಯಾಂಕ್ ತುಂಬಿದಾಗ ಮುಂದಿನ ಗಾಜು ಮೇಲಂಚಿನ ನಡುವೆ ಅರ್ಧ ಮಿಲಿಮೀಟರ್ ಕೂಡ ಬಾಗುವುದಿಲ್ಲ. ಅದೇ ಅಳತೆಯಲ್ಲಿ 10 ಎಂಎಂ ಅಕ್ರಿಲಿಕ್ ಹಾಕಿ ಮೇಲೆ ಪಟ್ಟಿ ಕೊಡದೇ ಬಿಟ್ಟರೆ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಹೊಟ್ಟೆ ಬಿಡುತ್ತದೆ ಅಂತ ಲೆಕ್ಕ ಹೇಳುತ್ತದೆ. ಒಂದೂವರೆ ಅಡಿ ಎತ್ತರದ್ದೂ ಸುಮಾರು 4 ಮಿಲಿಮೀಟರ್ ಬಾಗುತ್ತದೆ.

ಇನ್ನೊಂದು ವಿಷಯ ಇದೆ, ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಗಾಜು ಮೊದಲ ದಿನ ಎಷ್ಟು ಬಾಗಿತೋ ಅಲ್ಲಿಗೇ ನಿಲ್ಲುತ್ತದೆ. ಅಕ್ರಿಲಿಕ್ ಪ್ಲಾಸ್ಟಿಕ್ ಅಲ್ವಾ, ಭಾರ ಮೇಲಿದ್ದಷ್ಟು ಕಾಲ ನಿಧಾನವಾಗಿ ಇನ್ನೂ ಸ್ವಲ್ಪ ಸ್ವಲ್ಪ ಬಾಗುತ್ತಲೇ ಇರುತ್ತದೆ. ಹಾಗೆ ಬಾಗಿದಾಗ ಎಳೆತ ಹೋಗಿ ಬೀಳುವುದು ಮೂಲೆಯ ಜೋಡಣೆಯ ಮೇಲೆ. ಅದಕ್ಕೇ ಒಳ್ಳೆಯ ಅಕ್ರಿಲಿಕ್ ಟ್ಯಾಂಕ್‌ಗಳಿಗೆ ಮೇಲ್ಭಾಗದಲ್ಲಿ ಸುತ್ತಲೂ ಅಗಲವಾದ ಅಂಚು ಇರುತ್ತದೆ, ನಡುವೆ ಕೈ ಹಾಕುವುದಕ್ಕೆ ಮಾತ್ರ ಕಿಂಡಿ ಬಿಟ್ಟಿರುತ್ತಾರೆ. ಆ ಅಂಚು ಚಂದಕ್ಕೆ ಅಲ್ಲ, ಗೋಡೆಗಳನ್ನು ಹಿಡಿದಿಡುವುದೇ ಅದು. ಮೇಲೆ ಪೂರ್ತಿ ತೆರೆದ 4 ಅಡಿಯ ಅಕ್ರಿಲಿಕ್ ಟ್ಯಾಂಕನ್ನು ಯಾರಾದರೂ ತೋರಿಸಿದರೆ ದಪ್ಪ ಕೇಳುವ ಮುಂಚೆಯೇ ಬೇಡ ಅನ್ನಿ. ನಿಮ್ಮ 2 ಅಡಿ ಎತ್ತರಕ್ಕೆ ಅಂಥ ಅಂಚು ಕೊಟ್ಟು ಕಟ್ಟುವುದಾದರೂ ನಾನು 15 ಎಂಎಂಗಿಂತ ಕಡಿಮೆ ಒಪ್ಪುವುದಿಲ್ಲ, ಅಲ್ಲಿಗೆ ಬೆಲೆ ಗಾಜಿನದ್ದನ್ನು ದಾಟಿ ಎಲ್ಲೋ ಹೋಗಿರುತ್ತದೆ.

ಕ್ಲಿಯರ್ ಅನ್ನುವ ಮಾತು. ಹೊಸ ಅಕ್ರಿಲಿಕ್ ನಿಜಕ್ಕೂ ಮಾಮೂಲಿ ಗಾಜಿಗಿಂತ ತಿಳಿ. ಸುಮಾರು 92 ಶೇಕಡಾ ಬೆಳಕು ಬಿಡುತ್ತದೆ, ಬಣ್ಣ ಇಲ್ಲ. ಮಾಮೂಲಿ ಗಾಜಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಹಸಿರು ಛಾಯೆ ಇರುತ್ತದೆ, 4 ಎಂಎಂ ಕಿಟಕಿ ಗಾಜಿನಲ್ಲಿ ಗೊತ್ತಾಗದಿದ್ದರೂ 12 ಎಂಎಂಗೆ ಬಂದಾಗ ಬಿಳಿ ಮರಳಿನ ಮೇಲೆ ಚೆನ್ನಾಗಿ ಕಾಣುತ್ತದೆ. ಕಿತ್ತಳೆ ಬಣ್ಣದ ಗೋಲ್ಡ್‌ಫಿಶ್ ಕೂಡ ಸ್ವಲ್ಪ ಮಂಕಾಗಿ ಕಾಣುತ್ತದೆ. ಆದರೆ ಇದಕ್ಕೆ ಗಾಜಿನಲ್ಲೇ ಪರಿಹಾರ ಇದೆ. ಕಬ್ಬಿಣದ ಅಂಶ ಕಡಿಮೆ ಮಾಡಿದ ಗಾಜು ಸಿಗುತ್ತದೆ, ಗಾಜಿನ ಅಂಗಡಿಯಲ್ಲಿ ಎಕ್ಸ್‌ಟ್ರಾ ಕ್ಲಿಯರ್ ಅಂತ ಕೇಳಿ. ಮುಂದಿನ ಒಂದು ಗಾಜನ್ನು ಮಾತ್ರ ಅದರಲ್ಲಿ ಹಾಕಿಸಿ, ಉಳಿದ ನಾಲ್ಕು ಮಾಮೂಲಿ ಇರಲಿ. ನೋಡುವುದು ಮುಂದಿನಿಂದ ತಾನೇ? ಸುಮ್ನೆ ಐದಕ್ಕೂ ದುಡ್ಡು ಹಾಕಬೇಡಿ. ಕೊಟ್ಟಿದ್ದು ಅದೇನಾ ಅಂತ ತಿಳಿಯಲು ಅಂಚನ್ನು ನೋಡಿ: ಮಾಮೂಲಿ ಗಾಜಿನ ಅಂಚು ಕಡು ಹಸಿರು, ಎಕ್ಸ್‌ಟ್ರಾ ಕ್ಲಿಯರ್‌ನ ಅಂಚು ತುಂಬಾ ತಿಳಿ, ನಸು ನೀಲಿ ಇರುತ್ತದೆ. ಎರಡು ತುಂಡನ್ನು ಬಿಳಿ ಕಾಗದದ ಮೇಲೆ ಪಕ್ಕ ಪಕ್ಕ ಇಟ್ಟರೆ ಮಗು ಕೂಡ ವ್ಯತ್ಯಾಸ ಹೇಳುತ್ತದೆ.

ಅಕ್ರಿಲಿಕ್‌ನ ಆ ತಿಳಿ ಎಷ್ಟು ದಿನ ಉಳಿಯುತ್ತದೆ ಅನ್ನುವುದೇ ನಿಮ್ಮ ವಿಷಯದಲ್ಲಿ ದೊಡ್ಡ ಪ್ರಶ್ನೆ. ನಿಮ್ಮದು ಬೋರ್‌ವೆಲ್ ನೀರು ಅಂದಿರಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ಮಾತು ಅದೇ. ಬೆಂಗಳೂರಿನ ಬೋರ್ ನೀರು ಸಾಮಾನ್ಯವಾಗಿ ಗಡಸು. ಟ್ಯಾಂಕಿನಲ್ಲಿ ನೀರು ಆವಿಯಾಗಿ ಒಂದೆರಡು ಸೆಂಟಿಮೀಟರ್ ಇಳಿದಾಗ ಆ ಜಾಗದಲ್ಲಿ ಬಿಳಿ ಸುಣ್ಣದ ಗೆರೆ ಕೂರುತ್ತದೆ, ಬಕೆಟ್‌ನಲ್ಲಿ, ನಲ್ಲಿಯಲ್ಲಿ ನೋಡಿರುತ್ತೀರಲ್ಲ, ಅದೇ. ಫಿಲ್ಟರ್‌ನ ನೀರು ಸಿಡಿಯುವ ಕಡೆ ಇನ್ನೂ ಜಾಸ್ತಿ. ಗಾಜಿನ ಮೇಲೆ ಅದು ಕೂತರೆ ನೀರನ್ನು ಸ್ವಲ್ಪ ಇಳಿಸಿ, ಬಿಳಿ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಅಂಟಿಸಿ ಬಿಟ್ಟು, ಉಳಿದಿದ್ದನ್ನು ಹೊಸ ಬ್ಲೇಡ್‌ನಿಂದ ಓರೆಯಾಗಿ ಹಿಡಿದು ಕೆರೆದರೆ ಮುಗಿಯಿತು. ಮೂಲೆಯ ಸಿಲಿಕಾನ್‌ಗೆ ಬ್ಲೇಡ್ ತಾಗಿಸಬಾರದು, ಅಷ್ಟೇ ಎಚ್ಚರ. ಅಕ್ರಿಲಿಕ್‌ನಲ್ಲಿ ವಿನೆಗರ್‌ವರೆಗೆ ಸರಿ, ಬ್ಲೇಡ್ ಮುಟ್ಟಿಸುವ ಹಾಗೇ ಇಲ್ಲ. ಪಾತ್ರೆ ತಿಕ್ಕುವ ಸ್ಪಂಜಿನ ಹಸಿರು ಬದಿ ಕೂಡ ಗೀರು ಬಿಡುತ್ತದೆ. ಗಟ್ಟಿ ಸುಣ್ಣವನ್ನು ಮೆತ್ತನೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ತೆಗೆಯುವಾಗ ಆ ಸುಣ್ಣದ ಪುಡಿಯೇ ಅಕ್ರಿಲಿಕ್ ಮೇಲೆ ಮರಳು ಕಾಗದದ ಕೆಲಸ ಮಾಡುತ್ತದೆ. ಗಡಸು ನೀರಿನ ಮನೆಯಲ್ಲಿ ಅಕ್ರಿಲಿಕ್‌ನ ನೀರಿನ ಗೆರೆಯ ಪಟ್ಟಿ ಮೊದಲು ಮಂಜಾಗುತ್ತದೆ, ನಾನು ನೋಡಿದ ಹಳೆಯ ಅಕ್ರಿಲಿಕ್ ಟ್ಯಾಂಕ್‌ಗಳಲ್ಲಿ ದೂರು ಬರುವುದೇ ಅಲ್ಲಿಂದ.

ಪಾಚಿ ತೆಗೆಯುವಾಗಲೂ ಇದೇ ಕಥೆ. ಅಯಸ್ಕಾಂತದ ಕ್ಲೀನರ್ ಬಳಸುವಾಗ ಒಂದು ಮರಳಿನ ಕಾಳು ನಡುವೆ ಸಿಕ್ಕಿದರೆ ಸಾಕು. ಮರಳು ಗಾಜಿಗಿಂತಲೂ ಗಟ್ಟಿ, ಹಾಗಾಗಿ ಗಾಜಿಗೂ ಗೀರು ಬೀಳುತ್ತದೆ, ಆದರೆ ಒತ್ತಿ ಎಳೆದರೆ ಮಾತ್ರ. ಅಕ್ರಿಲಿಕ್‌ಗೆ ಸುಮ್ನೆ ಜಾರಿದರೂ ಬೀಳುತ್ತದೆ. ಗೋಲ್ಡ್‌ಫಿಶ್ ಬೇರೆ ಇಡೀ ದಿನ ಮರಳು ಬಾಯಿಗೆ ಹಾಕಿ ಉಗುಳುವ ಮೀನು, ಕೆಳಗಿನ ನಾಲ್ಕು ಇಂಚಿನಲ್ಲಿ ಕಾಳು ಅಲ್ಲಲ್ಲಿ ಅಂಟಿಕೊಂಡೇ ಇರುತ್ತದೆ. ಹೊರಗಿನ ಬದಿಗೆ ನಿಮ್ಮ ಮಗನ ಆಟದ ಕಾರು ಇದೆ. ಅಕ್ರಿಲಿಕ್ ಒಡೆಯುವುದಿಲ್ಲ ನಿಜ, ಆದರೆ ಆರು ತಿಂಗಳಲ್ಲಿ ಅವನ ಎತ್ತರಕ್ಕೆ ಎಲ್ಲ ಗೀಚಿರುತ್ತದೆ.

ಅಕ್ರಿಲಿಕ್ ಪರವಾಗಿ ಒಂದು ನ್ಯಾಯವಾದ ಮಾತು ಹೇಳಲೇಬೇಕು. ಅದರ ಗೀರನ್ನು ತೆಗೆಯಬಹುದು. 800 ನಂಬರಿನ, ನೀರು ಹಾಕಿ ಉಜ್ಜುವ ಮರಳು ಕಾಗದದಿಂದ ಶುರು ಮಾಡಿ 1200, 2000 ಹೀಗೆ ನಯವಾಗುತ್ತಾ ಹೋಗಿ ಕೊನೆಗೆ ಪಾಲಿಶ್ ಹಾಕಿದರೆ ಹೊಸದರ ಹಾಗೆ ಆಗುತ್ತದೆ. ಗಾಜಿನ ಗೀರು ಉಗುರಿಗೆ ತಾಗುವಷ್ಟು ಆಳ ಇದ್ದರೆ ಮನೆಯಲ್ಲಿ ಹೋಗಿಸುವುದು ಆಗದ ಕೆಲಸ, ಉಜ್ಜಿ ತೆಗೆಯಲು ಹೋದರೆ ಆ ಜಾಗ ತಗ್ಗಾಗಿ ಮೀನು ಸೊಟ್ಟಗೆ ಕಾಣುತ್ತದೆ. ಇನ್ನೂ ಒಂದು ಸಮಾಧಾನ ಏನೆಂದರೆ, ಅಕ್ರಿಲಿಕ್‌ನ ಒಳಬದಿಯ ಸಣ್ಣ ಗೀರುಗಳು ನೀರು ತುಂಬಿದಾಗ ಬಹಳಷ್ಟು ಮಾಯವಾಗುತ್ತವೆ. ಗೀರಿನೊಳಗೆ ಗಾಳಿಯ ಬದಲು ನೀರು ಕೂರುತ್ತದೆ, ನೀರು ಬೆಳಕನ್ನು ಬಗ್ಗಿಸುವ ರೀತಿ ಅಕ್ರಿಲಿಕ್‌ಗೆ ಹತ್ತಿರ ಇರುವುದರಿಂದ ಗೀರು ಹೊಳೆಯುವುದಿಲ್ಲ. ಆದ್ದರಿಂದ ಹಳೆಯ ಅಕ್ರಿಲಿಕ್ ಟ್ಯಾಂಕ್ ಕೊಳ್ಳುವಾಗ ನೀರು ತುಂಬಿದ್ದನ್ನು ನೋಡಿ ಮರುಳಾಗಬೇಡಿ, ಹೊರಬದಿಯ ಗೀರುಗಳು ಹೇಗೂ ಕಾಣುತ್ತವೆ, ಒಳಗಿನದ್ದನ್ನು ನೋಡಬೇಕೆಂದರೆ ಖಾಲಿ ಮಾಡಿಸಿ, ಒಣಗಿಸಿ, ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಆದರೆ ಪಾಲಿಶ್ ಮಾಡಲು ಬರುತ್ತದೆ ಅನ್ನುವುದಕ್ಕೂ, ಗೋಲ್ಡ್‌ಫಿಶ್ ಇರುವ ಟ್ಯಾಂಕನ್ನು ವರ್ಷಕ್ಕೊಮ್ಮೆ ಖಾಲಿ ಮಾಡಿ ಕೂತು ಉಜ್ಜುವುದಕ್ಕೂ ಬಹಳ ದೂರ.

ಕಿಟಕಿ ಗಾಜು ಒರೆಸುವ ಸ್ಪ್ರೇಯನ್ನು ಅಕ್ರಿಲಿಕ್ ಮೇಲೆ ಹಾಕಬಾರದು, ಇದು ಮನೆಕೆಲಸಕ್ಕೆ ಬರುವವರಿಗೂ ಗೊತ್ತಿರಬೇಕು. ಅದರಲ್ಲಿರುವ ಆಲ್ಕೋಹಾಲ್, ಅಮೋನಿಯಾ ಸೇರಿ ಅಕ್ರಿಲಿಕ್ ಒಳಗೆ ಕೂದಲೆಳೆಯಂಥ ಬಿಳಿ ಬಿರುಕುಗಳನ್ನು ಎಬ್ಬಿಸುತ್ತವೆ. ಅಕ್ರಿಲಿಕ್ ಬಾಗಿ ನಿಂತಿರುವ ಜಾಗದಲ್ಲಿ ಅವು ಬೇಗ ಏಳುತ್ತವೆ, ಪಾಲಿಶ್‌ಗೆ ಹೋಗುವುದಿಲ್ಲ. ಮೂಲೆಯ ಜೋಡಣೆಯ ಹತ್ತಿರ ಅಂಥ ಎಳೆಗಳು ಕಂಡರೆ ಆ ಟ್ಯಾಂಕಿಗೆ ನೀರು ತುಂಬುವುದನ್ನು ನಿಲ್ಲಿಸಿ.

ತೂಕದ ವಿಷಯಕ್ಕೆ ಬಂದರೆ, ಒಂದೇ ದಪ್ಪಕ್ಕೆ ಅಕ್ರಿಲಿಕ್ ಗಾಜಿನ ಅರ್ಧಕ್ಕಿಂತ ಕಡಿಮೆ ತೂಗುತ್ತದೆ. 4 ಅಡಿ, ಒಂದೂವರೆ, ಒಂದೂವರೆ ಅಳತೆಯ 10 ಎಂಎಂ ಗಾಜಿನ ಖಾಲಿ ಟ್ಯಾಂಕ್ ಸುಮಾರು 50 ಕೆಜಿ. ಅದನ್ನೇ ಅಕ್ರಿಲಿಕ್‌ನಲ್ಲಿ, ಅದೂ 12 ಎಂಎಂ ಹಾಕಿ ಮೇಲಂಚು ಕೊಟ್ಟು ಕಟ್ಟಿದರೆ 32 ಕೆಜಿ ಹತ್ತಿರ. ಉಳಿದದ್ದು 18 ಕೆಜಿ. ಆಮೇಲೆ ಒಳಗೆ 225 ಲೀಟರ್ ನೀರು, ಅಂದರೆ 225 ಕೆಜಿ, ಜೊತೆಗೆ ಮರಳು, ಕಲ್ಲು, ಸ್ಟ್ಯಾಂಡ್. ಒಟ್ಟು 330ರಿಂದ 350 ಕೆಜಿ ನಿಮ್ಮ ನೆಲದ ಮೇಲೆ ಕೂರುವಾಗ ಈ 18 ಕೆಜಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ಎರಡೂ ವಿಧದ ಟ್ಯಾಂಕನ್ನು ಹಾಲ್ ನಡುವೆ ಇಡದೇ, ಕೆಳಗೆ ಬೀಮ್ ಇರುವ ಗೋಡೆಗೆ ಒರಗಿಸಿ, ಉದ್ದನೆಯ ಬದಿ ಗೋಡೆಯುದ್ದಕ್ಕೆ ಬರುವಂತೆ ಇಡಬೇಕು.

ಹಗುರ ಅನ್ನುವುದು ಮೆಟ್ಟಿಲು ಹತ್ತಿಸುವಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಅದಕ್ಕೂ ಸುಲಭ ದಾರಿ ಇದೆ: ಟ್ಯಾಂಕನ್ನು ಮನೆಯಲ್ಲೇ ಕಟ್ಟಿಸಿ. ಗಾಜು ಕತ್ತರಿಸಿ, ಅಂಚು ಉಜ್ಜಿ ತಂದರೆ ಅತಿ ದೊಡ್ಡ ಹಾಳೆ 13-14 ಕೆಜಿ, ಒಬ್ಬರೇ ಹಿಡಿದು ಮೆಟ್ಟಿಲು ಹತ್ತಬಹುದು. ಹಾಲ್‌ನಲ್ಲೇ ಸಿಲಿಕಾನ್ ಹಾಕಿ ನಿಲ್ಲಿಸುತ್ತಾರೆ. ಸಿಲಿಕಾನ್ ಯಾವುದು ಅಂತ ಮಾತ್ರ ನೀವೇ ಟ್ಯೂಬ್ ತಿರುಗಿಸಿ ಓದಿ. ಬಾತ್‌ರೂಮಿಗೆ ಬಳಸುವ, ಬೂಷ್ಟು ಬಾರದ ಹಾಗೆ ಔಷಧಿ ಸೇರಿಸಿದ ಸಿಲಿಕಾನ್ ಮೀನಿಗೆ ವಿಷ. ಅಕ್ವೇರಿಯಂಗೆ ಅಂತಲೇ ಬರೆದಿರುವುದು ಬೇಕು. ಕಟ್ಟಿದ ಮೇಲೆ ಒಂದು ವಾರ ನೀರು ಹಾಕಬೇಡಿ, ಹುಳಿ ವಾಸನೆ ಪೂರ್ತಿ ಹೋಗಲಿ. ಮುಂದೆ ಎಂದಾದರೂ ಮೂಲೆ ಒಸರಿದರೂ ಹಳೆಯ ಸಿಲಿಕಾನ್ ಪೂರ್ತಿ ಕೆರೆದು ಹೊಸದು ಹಾಕಿಸಬಹುದು. ಅಕ್ರಿಲಿಕ್ ಜೋಡಣೆ ಬಿಟ್ಟರೆ ಈ ಸಿಲಿಕಾನ್ ಅದಕ್ಕೆ ಸರಿಯಾಗಿ ಹಿಡಿಯುವುದೇ ಇಲ್ಲ.

ಮಗನ ವಿಷಯದಲ್ಲಿ ನಿಮಗೆ ಭಯ ಇರುವುದು ಸಹಜ. 10 ಎಂಎಂ ಗಾಜು ಮಗುವಿನ ಕೈ ಏಟಿಗೆ, ಪ್ಲಾಸ್ಟಿಕ್ ಆಟಿಕೆಗೆ ಒಡೆಯುವುದಿಲ್ಲ. ಹಾಲ್‌ನಲ್ಲಿ ಗಟ್ಟಿ ಚೆಂಡಿನಲ್ಲಿ ಕ್ರಿಕೆಟ್ ಆಡುತ್ತಾನೆ ಅಂದರೆ ಮಾತು ಬೇರೆ. ನನಗೆ ಹೆಚ್ಚು ಚಿಂತೆ ಇರುವುದು ಅವನು ಸ್ಟ್ಯಾಂಡ್ ಹಿಡಿದು ಮೇಲೆ ಹತ್ತುವುದರ ಬಗ್ಗೆ. ಸ್ಟ್ಯಾಂಡನ್ನು ಗೋಡೆಗೆ ಬ್ರಾಕೆಟ್ ಹಾಕಿ ಬಿಗಿಸಿ. ಟಫನ್ಡ್ ಗಾಜು ಹಾಕಿಸಿಬಿಡಿ, ಒಡೆಯಲ್ಲ ಅಂತ ಯಾರಾದರೂ ಹೇಳಿದರೆ ಗೋಡೆಗಳಿಗೆ ಅದು ಬೇಡ: ಮಾಮೂಲಿ ಗಾಜು ಸಾಮಾನ್ಯವಾಗಿ ಬಿರುಕು ಬಿಟ್ಟು ನೀರು ಸೋರುವಾಗ ನಿಮಗೆ ಸ್ವಲ್ಪ ಸಮಯ ಕೊಡುತ್ತದೆ, ಟಫನ್ಡ್ ಒಡೆದರೆ ಇಡೀ ಗೋಡೆ ಒಂದೇ ಕ್ಷಣದಲ್ಲಿ ಪುಡಿಯಾಗಿ 225 ಲೀಟರ್ ನೀರು ಒಟ್ಟಿಗೆ ನೆಲಕ್ಕೆ ಬರುತ್ತದೆ.

ಅಕ್ರಿಲಿಕ್ ಎಲ್ಲಿ ಬೇಕು? ದೊಡ್ಡ ಅಳತೆಗೆ ಬೇಕು. ಜಪಾನಿನ ಓಕಿನಾವಾದ ಚುರಾವುಮಿ ಅಕ್ವೇರಿಯಂನಲ್ಲಿ 60 ಸೆಂಟಿಮೀಟರ್ ದಪ್ಪದ ಅಕ್ರಿಲಿಕ್ ಗೋಡೆ ಇದೆ. ಅಷ್ಟು ದಪ್ಪದ ಗಾಜು ಮಾಡಿದರೂ ಹಸಿರು ಬಿಟ್ಟು ಏನೂ ಕಾಣುತ್ತಿರಲಿಲ್ಲ, ಅಕ್ರಿಲಿಕ್ ಆದರೆ ಹಾಳೆಗಳನ್ನು ಅಂಟಿಸಿ ಒಂದೇ ತುಂಡಿನಂತೆ ಮಾಡಬಹುದು. ಮನೆಯ ಮಟ್ಟದಲ್ಲಿ ಎರಡೂವರೆ ಅಡಿ ದಾಟಿದ ಎತ್ತರ, ಬಾಗಿದ ಮುಂಭಾಗ, ಮೇಲಿಂದ ಮೇಲೆ ಮನೆ ಬದಲಿಸುವವರು, ಇವರಿಗೆ ನಾನೇ ಅಕ್ರಿಲಿಕ್ ಹೇಳುತ್ತೇನೆ. ನಿಮ್ಮದು ಅದ್ಯಾವುದೂ ಅಲ್ಲ.

ಹಾಗಾದರೆ ಹೀಗೆ ಮಾಡಿಸಿ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಎಲ್ಲ 10 ಎಂಎಂ, ಮುಂದಿನದ್ದು ಎಕ್ಸ್‌ಟ್ರಾ ಕ್ಲಿಯರ್. ಎತ್ತರ ಇಳಿಸಿದ್ದಕ್ಕೆ ಗೋಲ್ಡ್‌ಫಿಶ್‌ಗೆ ನಷ್ಟ ಇಲ್ಲ, ಗಾಳಿ ಬೆರೆಯುವುದು ನೀರಿನ ಮೇಲ್ಮೈಯಲ್ಲಿ, ಅದು ಅಷ್ಟೇ ಉಳಿಯಿತು. ನಿಮ್ಮ ಕೈಯೂ ತಳ ಮುಟ್ಟುತ್ತದೆ. ಜಾಸ್ತಿ ನೀರು ಬೇಕಿದ್ದರೆ ಅಗಲ ಹೆಚ್ಚಿಸಿ. ಮೇಲೆ ಮುಂದೆ ಹಿಂದೆ ಎರಡಿಂಚು ಅಗಲದ ಗಾಜಿನ ಪಟ್ಟಿ ಉದ್ದಕ್ಕೂ ಅಂಟಿಸಲಿ. ಅಂಚುಗಳನ್ನು ಯಂತ್ರದಲ್ಲಿ ಉಜ್ಜಿರಬೇಕು. ಮುಂದಿನ ಮತ್ತು ಹಿಂದಿನ ಗಾಜಿನ ಮೇಲಂಚಿನ ನಡುಭಾಗದಲ್ಲಿ ಬೆರಳಾಡಿಸಿ ನೋಡಿ, ಅತಿ ಹೆಚ್ಚು ಎಳೆತ ಬೀಳುವ ಜಾಗ ಅದೇ. ಅಲ್ಲಿ ಒಂದು ಸಣ್ಣ ಚಕ್ಕೆ ಎದ್ದಿದ್ದರೂ ಆ ಹಾಳೆಯನ್ನು ವಾಪಸ್ ಕಳಿಸಿ.

ಸ್ಟ್ಯಾಂಡ್ ಮೇಲೆ 18 ಎಂಎಂ ಪ್ಲೈವುಡ್, ಅದರ ಮೇಲೆ ಥರ್ಮಾಕೋಲ್ ಹಾಳೆ, ಆಮೇಲೆ ಟ್ಯಾಂಕ್. ನೀರು ಮೂರನೇ ಒಂದು ಭಾಗ ತುಂಬಿ ಒಂದು ರಾತ್ರಿ ಬಿಡಿ. ನಾಲ್ಕೂ ಮೂಲೆಯಲ್ಲಿ ನೀರಿನ ಮಟ್ಟವನ್ನು ಸ್ಕೇಲ್‌ನಿಂದ ಅಳೆಯಿರಿ. 2-3 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಖಾಲಿ ಮಾಡಿ ಸ್ಟ್ಯಾಂಡ್ ಕಾಲಿನ ಕೆಳಗೆ ಸರಿಪಡಿಸಿ, ಟ್ಯಾಂಕಿನ ಕೆಳಗೆ ರಟ್ಟು ತುರುಕಬೇಡಿ. ಸರಿ ಇದ್ದರೆ ಪೂರ್ತಿ ತುಂಬಿ, ಕೆಳಗಿನ ಅಂಚಿನ ಸುತ್ತ ಹಳೆಯ ನ್ಯೂಸ್‌ಪೇಪರ್ ಹಾಸಿ ಮೂರು ದಿನ ಬಿಡಿ. ಪೇಪರ್ ಒದ್ದೆಯಾಗದಿದ್ದರೆ ಆ ನೀರು ಚೆಲ್ಲಿ, ಮರಳು ಹಾಕಲು ಶುರು ಮಾಡಬಹುದು.